ಲಾಭ ಶೇ. 7, ಆದರೆ ಪಿನಾಕಲ್‌ನ ಕೊನೆಯ ದರದ ಮುಂದೆ ಮೈನಸ್: ಯಾವುದನ್ನು ನಂಬಬೇಕು?

ಗುಮ್ಮಟ_ಡೇಟಾ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ಗೆ ಒಂದು ಮಾಡೆಲ್ ಕಟ್ಟಿದ್ದೇನೆ. ಪ್ರತಿ ತಂಡ ಎಷ್ಟು ಗೋಲು ಹೊಡೆಯುತ್ತದೆ, ಎಷ್ಟು ಬಿಟ್ಟುಕೊಡುತ್ತದೆ, ತವರಿನ ಮೈದಾನದಲ್ಲಿ ಎಷ್ಟು ಜಾಸ್ತಿ ಅಂತ ನೋಡಿ ಪಾಯ್ಸಾನ್ ಲೆಕ್ಕದಿಂದ ಗೆಲುವು, ಡ್ರಾ, ಸೋಲಿನ ಸಂಭವ ತೆಗೆಯುವುದು. ದುಡ್ಡು ಎಲ್ಲೂ ಹಾಕುತ್ತಿಲ್ಲ, ಎಲ್ಲ ಎಕ್ಸೆಲ್ ಹಾಳೆಯಲ್ಲೇ. ಅಂಕಿಗಳು `football-data.co.uk` ಸೈಟಿನ ಫೈಲಿನಿಂದ ಬಂದವು.

ನಿಯಮ ಸರಳ. ನನ್ನ ಸಂಭವವನ್ನು ಬೆಟ್ಟಿಂಗ್ ಸಂಸ್ಥೆಗಳ ಶುಕ್ರವಾರದ ಅತಿ ಹೆಚ್ಚಿನ ದರದಿಂದ (`MaxH`, `MaxD`, `MaxA`) ಗುಣಿಸುತ್ತೇನೆ. 1.05 ದಾಟಿದರೆ ಒಂದು ಯೂನಿಟ್ ಹಾಕಿದೆ ಅಂತ ಬರೆದುಕೊಳ್ಳುತ್ತೇನೆ. ಎರಡು ಸೀಸನ್ ಸೇರಿ ಸುಮಾರು 300 ಆಯ್ಕೆಗಳಾಗಿವೆ. ಹಾಕಿದ್ದಕ್ಕೆ ಶೇ. 7 ಲಾಭ.

ಆಮೇಲೆ ಅದೇ ಆಯ್ಕೆಗಳನ್ನು, ಪಿನಾಕಲ್ ಅನ್ನುವ ಬೆಟ್ಟಿಂಗ್ ಸಂಸ್ಥೆ ಪಂದ್ಯ ಶುರುವಾಗುವ ಮುಂಚೆ ಕೊಟ್ಟ ಕೊನೆಯ ದರದ (`PSCH` ಕಾಲಂಗಳು) ಪಕ್ಕ ಇಟ್ಟು ನೋಡಿದೆ. ನಾನು ಹಿಡಿದ ದರ ಸರಾಸರಿ ಶೇ. 0.5 ಮೇಲಿತ್ತು. ಸಂಸ್ಥೆ ದರದೊಳಗೆ ಇಟ್ಟುಕೊಳ್ಳುವ ಮಾರ್ಜಿನ್ ತೆಗೆದು ನೋಡಿದರೆ ಶೇ. 1.5 ಕೆಳಗೆ. ಒಂದು ಕಡೆ ಲಾಭ, ಇನ್ನೊಂದು ಕಡೆ ಮೈನಸ್. ಮಾಡೆಲ್ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಸೆಕ್ಟರ್_ನವನಗರ (ಬಾಗಲಕೋಟೆ)

ಅಣ್ಣಾ, ಇದರಲ್ಲಿ ಗೊಂದಲ ಏನಿದೆ? ಕೊನೆಯ ದರಕ್ಕಿಂತ ಮೇಲಿನ ದರ ಸಿಕ್ಕಿದೆ, ಶೇ. 0.5 ಪ್ಲಸ್. ಅದರ ಮೇಲೆ ಲಾಭವೂ ಬಂದಿದೆ. ಎರಡೂ ಒಂದೇ ಮಾತು ಹೇಳುತ್ತಿವೆ. ಮಾರ್ಜಿನ್ ತೆಗೆದ ದರದಲ್ಲಿ ಯಾರಿಗೂ ಆಡಲು ಆಗುವುದಿಲ್ಲ. ಇಲ್ಲದ ದರದ ಜೊತೆ ಯಾಕೆ ಹೋಲಿಸಬೇಕು? 300 ಆಯ್ಕೆ ಕಮ್ಮಿ ಏನಲ್ಲ.

ತಿಲಕವಾಡಿ_ಮಾಸ್ತರ (ಬೆಳಗಾವಿ)

ನವನಗರದವರು ಅರ್ಧ ಸರಿ ಹೇಳಿದ್ದಾರೆ. ಕೊನೆಗೆ ಬಂದವನಿಗಿಂತ ಒಳ್ಳೆ ದರ ಸಿಗುವುದು ಒಳ್ಳೆಯದೇ. ಆದರೆ ಅಲ್ಲಿ ಸೊನ್ನೆ ಎಲ್ಲಿದೆ ಅನ್ನುವುದು ಮುಖ್ಯ.

ಒಂದು ಪಂದ್ಯ ತೆಗೆದುಕೊಳ್ಳೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಪಿನಾಕಲ್‌ನಲ್ಲಿ ಕೊನೆಯ ದರ ತವರು ತಂಡಕ್ಕೆ 1.90, ಡ್ರಾಗೆ 3.75, ಹೊರಗಿನ ತಂಡಕ್ಕೆ 4.40. ಒಂದನ್ನು ಈ ಒಂದೊಂದರಿಂದ ಭಾಗಿಸಿ ಕೂಡಿಸಿ. 0.526, 0.267, 0.227 ಬರುತ್ತದೆ, ಒಟ್ಟು 1.020. ನೂರಕ್ಕೆ ಎರಡು ಮಾರ್ಜಿನ್. ತವರು ತಂಡದ 0.526 ಅನ್ನು 1.020ರಿಂದ ಭಾಗಿಸಿದರೆ 0.516. ಅಂದರೆ ಮಾರ್ಜಿನ್ ಇಲ್ಲದ ದರ 1.94.

ಈಗ ಶುಕ್ರವಾರ ನೀವು 2.02 ಹಿಡಿದಿದ್ದಿರಿ ಅಂತ ಇಟ್ಟುಕೊಳ್ಳಿ. 1.90ರ ಮುಂದೆ ಇಟ್ಟರೆ ಶೇ. 6.3 ಮೇಲೆ. 1.94ರ ಮುಂದೆ ಇಟ್ಟರೆ ಶೇ. 4.2. ಕೈಗೆ ಬರಬೇಕಾದ ಲಾಭದ ಅಂದಾಜು ಈ ಎರಡನೆಯದು. ಯಾಕೆಂದರೆ 1.90ಕ್ಕೆ ಸರಿಯಾಗಿ 1.90 ಹಿಡಿದವನು ಸಮ ಆಗುವುದಿಲ್ಲ, ನಿಧಾನಕ್ಕೆ ಶೇ. 2 ಕಳೆದುಕೊಳ್ಳುತ್ತಾನೆ. ಅದಕ್ಕೇ ಶೇ. 0.5 ಪ್ಲಸ್ ಅಂದದ್ದು ನಿಜದಲ್ಲಿ ಶೇ. 1.5 ಮೈನಸ್. ಆ ದರದಲ್ಲಿ ಆಡಲು ಆಗದಿದ್ದರೂ ಅಳೆಯಲು ಅದೇ ಬೇಕು.

ಇನ್ನೊಂದು ಮಾತು. ನೀವು ಹಿಡಿದ ಸಂಸ್ಥೆಯದ್ದೇ ಕೊನೆಯ ದರದ ಜೊತೆ ಹೋಲಿಸಬೇಡಿ. ಅಲ್ಲಿ ಮಾರ್ಜಿನ್ ಶೇ. 5 ಇದ್ದರೆ ಕೊನೆಯ ದರ 1.87 ಇರಬಹುದು. ಆಗ 2.02 ಶೇ. 8 ಮೇಲೆ ಕಾಣುತ್ತದೆ. ಪಂದ್ಯ ಅದೇ, ನೀವು ಹಿಡಿದ ದರ ಅದೇ, ಹಿಗ್ಗಿದ್ದು ಅಳತೆ ಮಾತ್ರ. ಪಿನಾಕಲ್ ಅನ್ನು ಅಳತೆಗೆ ಇಡುವುದು ಎರಡು ಕಾರಣಕ್ಕೆ. ಮಾರ್ಜಿನ್ ಕಮ್ಮಿ, ಮತ್ತು ಗೆಲ್ಲುವವರನ್ನು ಓಡಿಸದೆ ಅವರು ಹಾಕಿದ್ದನ್ನು ನೋಡಿ ದರ ಸರಿಸುತ್ತಾ ಬಂದಿದ್ದಾರೆ. ಪಂದ್ಯ ಹತ್ತಿರ ಬಂದಂತೆ ಹಾಕಬಹುದಾದ ಮಿತಿಯನ್ನೂ ಏರಿಸುತ್ತಾರೆ. ಹಾಗಾಗಿ ತಿಳಿದವರ ದೊಡ್ಡ ದುಡ್ಡೆಲ್ಲ ಕೊನೆಯ ದರದೊಳಗೆ ಸೇರಿರುತ್ತದೆ.

ಒಣದ್ರಾಕ್ಷಿ_ತಿಕೋಟಾ

ಇಲ್ಲಿ ಕ್ಲೋಸಿಂಗ್ ದರದ ಮಾತು ನಡೆದಿದೆ ಅಂತ ನೋಡಿ ಬರೆಯುತ್ತಿದ್ದೇನೆ. ನಾವು ಒಣದ್ರಾಕ್ಷಿ ಮಾರುವಾಗ ತಾಸಗಾಂವದ ದರ ಕೇಳಿಕೊಂಡೇ ವಿಜಯಪುರ ಎಪಿಎಂಸಿಗೆ ಹೋಗುತ್ತೇವೆ. ತಾಸಗಾಂವದಲ್ಲಿ ಖರೀದಿದಾರರು ಜಾಸ್ತಿ, ದರ ಗಟ್ಟಿ. ಇಲ್ಲಿ ಯಾರಾದರೂ ಅದಕ್ಕಿಂತ ಮೇಲೆ ಕೂಗಿದರೆ ಕೊಟ್ಟುಬಿಡುವುದು. ಆದರೆ ನನ್ನ ಅನುಭವದಲ್ಲಿ ಸಂಜೆಯ ಕೊನೆಯ ದರ ಯಾವಾಗಲೂ ಖರೇ ದರ ಅಲ್ಲ. ದೊಡ್ಡವರು ಬೆಳಿಗ್ಗೆಯೇ ಒಳ್ಳೆ ಮಾಲು ಎತ್ತಿಕೊಂಡು ಹೋಗಿರುತ್ತಾರೆ. ಉಳಿದ ಮಾಲಿಗೆ ಉಳಿದ ದರ. ನೀವು ಕೊನೆಯ ದರವನ್ನೇ ಅಷ್ಟು ನಂಬುವುದು ಯಾಕೆ?

ತಿಲಕವಾಡಿ_ಮಾಸ್ತರ (ಬೆಳಗಾವಿ)

ಯಜಮಾನರೇ, ಇದು ಮಾಲಿನ ದರ ಅಲ್ಲ, ಪಂದ್ಯದ ಫಲಿತಾಂಶದ ಮೇಲಿನ ದರ. ಆದರೂ ನಿಮ್ಮ ಪ್ರಶ್ನೆ ಒಳ್ಳೆಯದು, ಹೋಲಿಕೆ ಮುರಿಯುವ ಜಾಗವೂ ಅಲ್ಲೇ ಇದೆ. ನಿಮ್ಮಲ್ಲಿ ಬೆಳಿಗ್ಗೆಯ ಮಾಲು ಬೇರೆ, ಸಂಜೆಯದು ಬೇರೆ. ಇಲ್ಲಿ ಬುಧವಾರ ಮಾರಿದ್ದೂ ಶನಿವಾರ ಮಾರಿದ್ದೂ ಅದೇ ಪಂದ್ಯ. ದಿನ ಕಳೆದಂತೆ ಗಾಯದ ಸುದ್ದಿ, ಆಡುವ ಹನ್ನೊಂದು ಜನರ ಪಟ್ಟಿ ಎಲ್ಲ ಸೇರಿ ಮಾಹಿತಿ ಜಾಸ್ತಿಯೇ ಆಗುತ್ತದೆ. ಅದಕ್ಕೆ ಕೊನೆಯದಕ್ಕೆ ತೂಕ.

ಇದನ್ನು ಕಣ್ಣು ಮುಚ್ಚಿ ನಂಬುವುದೂ ಬೇಡ, ಫೈಲಿನಲ್ಲೇ ಪರೀಕ್ಷೆ ಮಾಡಬಹುದು. ಕೊನೆಯ ದರದಿಂದ ಬಂದ ಸಂಭವ ಶೇ. 50ರ ಆಸುಪಾಸು ಇರುವ ಪಂದ್ಯಗಳನ್ನೆಲ್ಲ ಒಂದು ಕಡೆ ಹಾಕಿ. ಅವುಗಳಲ್ಲಿ ಅರ್ಧದಷ್ಟು ಗೆದ್ದಿವೆಯಾ ನೋಡಿ. ಶೇ. 20, 30, 70ಕ್ಕೂ ಹಾಗೇ ಮಾಡಿ. ದೊಡ್ಡ ಲೀಗುಗಳಲ್ಲಿ ಇದು ತುಂಬಾ ಹತ್ತಿರ ಹತ್ತಿರ ಕೂಡುತ್ತದೆ. ಕೂಡದ ಲೀಗಿನಲ್ಲಿ ಅದನ್ನು ಅಳತೆಗೆ ಬಳಸಬಾರದು.

ಈಗ ಗುಮ್ಮಟದವರ ಮುಖ್ಯ ಪ್ರಶ್ನೆ, ಎರಡರಲ್ಲಿ ಯಾವುದನ್ನು ನಂಬುವುದು ಅನ್ನುವುದು. 2.00ರ ಆಸುಪಾಸಿನ ದರದಲ್ಲಿ ಒಂದು ಯೂನಿಟ್ ಹಾಕಿದರೆ ಒಂದೋ ಒಂದು ಬರುತ್ತದೆ, ಇಲ್ಲ ಒಂದು ಹೋಗುತ್ತದೆ. ಪ್ರತಿ ಆಯ್ಕೆಯ ಏರಿಳಿತ ಹೆಚ್ಚುಕಮ್ಮಿ ಪೂರ್ತಿ ಒಂದು ಯೂನಿಟ್. 300 ಆಯ್ಕೆಯ ಸರಾಸರಿಯಲ್ಲಿ ಅದು 300ರ ವರ್ಗಮೂಲದಿಂದ ಕುಗ್ಗುತ್ತದೆ. ಆದರೂ ಶೇ. 5.8 ಉಳಿಯುತ್ತದೆ. ನಿಮ್ಮ ಶೇ. 7 ಈ ಅಲುಗಾಟಕ್ಕಿಂತ ಸ್ವಲ್ಪ ಮಾತ್ರ ದೊಡ್ಡದು. ನಿಜವಾದ ಲಾಭ ಸೊನ್ನೆ ಇದ್ದರೂ, ಮೈನಸ್ 1.5 ಇದ್ದರೂ, ಶೇ. 7 ಕಾಣಿಸುವುದು ಅಪರೂಪ ಏನಲ್ಲ. ಗೆಲ್ಲುವ ಸಂಭವ ಕಮ್ಮಿ ಇರುವ ಉದ್ದ ದರದ ಆಯ್ಕೆಗಳು ಸೇರಿದ್ದರೆ ಅಲುಗಾಟ ಇನ್ನೂ ಜಾಸ್ತಿ.

ಸಿಎಲ್‌ವಿ, ಅಂದರೆ ಕೊನೆಯ ದರದ ಮುಂದೆ ನಿಮ್ಮ ದರ ಎಲ್ಲಿ ನಿಂತಿತು ಅನ್ನುವ ಅಂಕಿ, ಪ್ರತಿ ಆಯ್ಕೆಯಲ್ಲೂ ಇಷ್ಟು ಹಾರಾಡುವುದಿಲ್ಲ. ಶೇ. 5ರಷ್ಟು ಅಂತ ಇಟ್ಟುಕೊಂಡರೆ 300 ಆಯ್ಕೆಯಲ್ಲಿ ಅಲುಗಾಟ ಶೇ. 0.3 ಮಾತ್ರ. ಮೈನಸ್ 1.5 ಅನ್ನುವುದು ಅದಕ್ಕಿಂತ ಐದು ಪಟ್ಟು. ನಿಮ್ಮ ಹಾಳೆಯಲ್ಲಿ ಈ ಶೇ. 5 ನಿಜಕ್ಕೂ ಎಷ್ಟಿದೆ ಅಂತ `STDEV` ಹಾಕಿ ನೋಡಿಕೊಳ್ಳಿ. ಸದ್ಯಕ್ಕೆ ನಾನು ಮೈನಸ್ ಅನ್ನೇ ನಂಬುತ್ತೇನೆ.

ಸೆಕ್ಟರ್_ನವನಗರ (ಬಾಗಲಕೋಟೆ)

ಸರ್, ಹಾಗಾದರೆ ಲಾಭ ನೋಡಿ ಹೇಳಬೇಕೆಂದರೆ ಎಷ್ಟು ಆಯ್ಕೆ ಬೇಕು?

ತಿಲಕವಾಡಿ_ಮಾಸ್ತರ (ಬೆಳಗಾವಿ)

ನಿಜವಾದ ಲಾಭ ಶೇ. 4 ಇದ್ದರೆ, ಅದು ಅಲುಗಾಟದ ಎರಡು ಪಟ್ಟು ಆಗಲು ಸುಮಾರು 2,500 ಆಯ್ಕೆ ಬೇಕು. ಪ್ರೀಮಿಯರ್ ಲೀಗಿನಲ್ಲಿ ಒಂದು ಸೀಸನ್‌ಗೆ 380 ಪಂದ್ಯ. ನೀವೇ ಲೆಕ್ಕ ಹಾಕಿ.

ಅಥಣಿ_ಎಕ್ಸೆಲ್

ಮಾಸ್ತರ ಹೇಳಿದ ಭಾಗಾಕಾರದ ಬಗ್ಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮಾರ್ಜಿನ್ ಅನ್ನು ಮೂರೂ ಕಡೆ ಒಂದೇ ಪ್ರಮಾಣದಲ್ಲಿ ತೆಗೆಯುವುದು 1.90 ತರಹದ ದರಕ್ಕೆ ನಡೆಯುತ್ತದೆ. ಉದ್ದ ದರಕ್ಕೆ ನಡೆಯುವುದಿಲ್ಲ. ಗೆಲ್ಲುವ ಸಂಭವ ಕಮ್ಮಿ ಇರುವ ತಂಡದ ದರದಲ್ಲಿ ಮಾರ್ಜಿನ್‌ನ ಪಾಲು ಜಾಸ್ತಿ ಅಡಗಿರುತ್ತದೆ.

1.22, 7.00, 15.00 ಅನ್ನುವ ಪಂದ್ಯ ನೋಡಿ. ಒಟ್ಟು 1.029. ಸಮನಾಗಿ ತೆಗೆದರೆ 15.00ರ ನ್ಯಾಯದ ದರ 15.4. ದರ ಸರಿಸಲು ತಡಮಾಡುವ ಯಾವುದೋ ಸಂಸ್ಥೆಯಲ್ಲಿ, ಅಂದರೆ ಸಾಫ್ಟ್ ಬುಕ್‌ನಲ್ಲಿ, 16.00 ಕಂಡರೆ ಶೇ. 3.6 ಲಾಭ ಅನಿಸುತ್ತದೆ. ಅದೇ ಪವರ್ ವಿಧಾನದಲ್ಲಿ ಮೂರೂ ಸಂಭವಗಳಿಗೆ ಒಂದೇ ಘಾತ ಕೊಟ್ಟು, ಒಟ್ಟು ಒಂದು ಆಗುವವರೆಗೆ ಆ ಘಾತ ಹುಡುಕುತ್ತೇವೆ. ಇಲ್ಲಿ ಅದು 1.049. ಆಗ ಹೊರಗಿನ ತಂಡದ ಸಂಭವ ಶೇ. 5.84, ನ್ಯಾಯದ ದರ 17.1. ಈಗ 16.00 ಹಿಡಿದರೆ ಶೇ. 6.6 ನಷ್ಟ. ಪಂದ್ಯ ಒಂದೇ, ದರ ಒಂದೇ, ಚಿಹ್ನೆಯೇ ತಿರುಗಿತು. ಮೇಲಿನ 1.90ರ ಪಂದ್ಯಕ್ಕೆ ಇದೇ ವಿಧಾನ ಹಾಕಿದರೆ 2.02ರ ಲಾಭ ಶೇ. 4.2ರಿಂದ 5.0 ಆಗುತ್ತದೆ ಅಷ್ಟೇ.

ನಾನು ಬಳಸುವುದು ಇಷ್ಟು:

```python
def power(o):
    lo, hi = 1.0, 2.0
    for _ in range(60):
        k = (lo + hi) / 2
        if sum((1/x)**k for x in o) > 1:
            lo = k
        else:
            hi = k
    return [(1/x)**k for x in o]

print(power([1.22, 7.00, 15.00]))
```

ಗುಮ್ಮಟ_ಡೇಟಾ ಅವರೇ, ನಿಮ್ಮ ಆಯ್ಕೆಗಳಲ್ಲಿ 6.00ರ ಮೇಲಿನವು ಎಷ್ಟಿವೆ? ಪಾಯ್ಸಾನ್ ಮಾಡೆಲ್‌ಗಳು ಸಣ್ಣ ತಂಡಗಳನ್ನು ಇಷ್ಟಪಡುವುದು ಜಾಸ್ತಿ.

ಗುಮ್ಮಟ_ಡೇಟಾ (ವಿಜಯಪುರ)

ಅಕ್ಕಾ, ಐದನೇ ಒಂದು ಪಾಲು 6.00ರ ಮೇಲಿವೆ. ನಿಮ್ಮ ಕೋಡ್ ಹಾಕಿ ನೋಡಿದೆ, ಅವುಗಳ ಸಿಎಲ್‌ವಿ ಇನ್ನೂ ಕೆಳಗಿಳಿಯಿತು. 3.00ರ ಒಳಗಿನವು ಸ್ವಲ್ಪ ಮೇಲೇರಿದವು. ಒಟ್ಟು ಸರಾಸರಿ ಹೆಚ್ಚುಕಮ್ಮಿ ಮೈನಸ್ 1.5ರಲ್ಲೇ ಇದೆ. ಲಾಭದ ಶೇ. 7 ಎಲ್ಲಿಂದ ಬಂತು ಅಂತಲೂ ನೋಡಿದೆ. ಬಹುಪಾಲು ಉದ್ದ ದರದ ಕೆಲವೇ ಗೆಲುವುಗಳಿಂದ.

ಇಳಕಲ್_ಯಾರ್ಕರ್

ಫುಟ್‌ಬಾಲ್ ಇರಲಿ, ಐಪಿಎಲ್‌ಗೆ ಇದು ನಡೆಯುತ್ತದಾ? ನಾನು ಪಿಚ್ ನೋಡಿ ಹೇಳಿದ್ದು ಬಹಳ ಸಲ ಸರಿ ಬಂದಿದೆ. ಸಾಫ್ಟ್ ದರ ಯಾವ ಆ್ಯಪ್‌ನಲ್ಲಿ ಸಿಗುತ್ತದೆ ಅಂತಲೂ ಹೇಳಿ.

ಅಥಣಿ_ಎಕ್ಸೆಲ್

ಆ್ಯಪ್ ಹೆಸರು ಇಲ್ಲಿ ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡಿನ ಆಟ ನಡೆಸುವುದನ್ನೂ ಅದರ ಜಾಹೀರಾತನ್ನೂ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ ಇದೆ. ಬ್ಯಾಂಕುಗಳೂ ಅಂಥ ಪಾವತಿ ಮಾಡುವಂತಿಲ್ಲ. ಇಲ್ಲಿ ನಡೆಯುತ್ತಿರುವುದು ಹಳೆ ದರಗಳ ಫೈಲಿನ ಮೇಲೆ ಮಾಡೆಲ್ ಪರೀಕ್ಷೆ, ಅಷ್ಟೇ.

ತಿಲಕವಾಡಿ_ಮಾಸ್ತರ (ಬೆಳಗಾವಿ)

ಕ್ರಿಕೆಟ್ ಪ್ರಶ್ನೆಗೆ ಉತ್ತರ. ಟಿ20ಯಲ್ಲಿ ಟಾಸ್ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಆಗುತ್ತದೆ. ಮಂಜು ಬೀಳುವ ಊರಿನಲ್ಲಿ ಟಾಸ್ ಆದ ತಕ್ಷಣ ದರ ಜಿಗಿಯುತ್ತದೆ. ನಿಮ್ಮ ಅಂದಾಜು ಟಾಸ್‌ಗೆ ಮುಂಚಿನದು, ಕೊನೆಯ ದರ ಟಾಸ್ ಆದ ಮೇಲಿನದು. ಟಾಸ್ ಯಾರಿಗೆ ಬೇಕಾದರೂ ಬೀಳಬಹುದು, ಹಾಗಾಗಿ ಸರಾಸರಿ ಕೆಡುವುದಿಲ್ಲ. ಆದರೆ ಅಲುಗಾಟ ಜಾಸ್ತಿಯಾಗುತ್ತದೆ, ಅಷ್ಟೇ ಮಾತು ಹೇಳಲು ಜಾಸ್ತಿ ಪಂದ್ಯ ಬೇಕಾಗುತ್ತವೆ. ಟಾಸ್‌ಗೆ ಸ್ವಲ್ಪ ಮುಂಚಿನ ದರ ಬರೆದಿಟ್ಟುಕೊಂಡು ಅದನ್ನೇ ಅಳತೆಗೆ ಇಡುವುದು ಮೇಲು.

ಐಪಿಎಲ್‌ಗೆ ಅಳತೆ ಪರವಾಗಿಲ್ಲ, ದೊಡ್ಡ ದುಡ್ಡು ಸೇರುತ್ತದೆ. ಮಹಾರಾಜ ಟ್ರೋಫಿಯಂಥ ರಾಜ್ಯದ ಲೀಗಿಗೆ ಬಂದರೆ ಮಿತಿ ಸಣ್ಣದು, ದರ ಕೊಡುವವರಿಗೇ ಆಟಗಾರರು ಗೊತ್ತಿರುವುದು ಕಮ್ಮಿ. ಅಲ್ಲಿ ಕೊನೆಯ ದರ ಅಂದರೆ ಸುಮ್ನೆ ಕೊನೆಗೆ ಇದ್ದ ದರ. 2019ರಲ್ಲಿ ಕೆಪಿಎಲ್ ಮ್ಯಾಚ್ ಫಿಕ್ಸಿಂಗ್ ತನಿಖೆ ನಡೆದದ್ದು ನೆನಪಿದೆಯಲ್ಲ. ಅಂಥ ಕಡೆ ದರ ಜಿಗಿದರೆ ಯಾವ ಕಾರಣಕ್ಕೆ ಜಿಗಿಯಿತು ಅಂತ ಹೇಳಲು ಬರುವುದಿಲ್ಲ.

ಇಳಕಲ್_ಯಾರ್ಕರ್

ಅದೇ ನಾನೂ ಹೇಳುವುದು ಸರ್! ದರ ಕೊಡುವವರಿಗೆ ಆಟಗಾರರು ಗೊತ್ತಿಲ್ಲ, ನನಗೆ ಗೊತ್ತು. ಬೆಳಗಾವಿಯ ಕೆಎಸ್‌ಸಿಎ ಮೈದಾನದಲ್ಲಿ ಎಷ್ಟು ಹುಡುಗರ ಆಟ ನೋಡಿದ್ದೇನೆ. ಕೊನೆಯ ದರ ನನ್ನ ಕಡೆ ಬಾರದಿದ್ದರೂ ನಾನು ಸರಿ ಇರಬಹುದಲ್ವಾ?

ತಿಲಕವಾಡಿ_ಮಾಸ್ತರ (ಬೆಳಗಾವಿ)

ಇರಬಹುದು, ಅಲ್ಲ ಅನ್ನುವುದಿಲ್ಲ. ಮಾರುಕಟ್ಟೆಗೆ ಕೊನೆವರೆಗೂ ಗೊತ್ತಾಗದ ವಿಷಯ ನಿಮಗೆ ಗೊತ್ತಿದ್ದರೆ ಸಿಎಲ್‌ವಿ ಅದನ್ನು ತೋರಿಸುವುದಿಲ್ಲ. ಆದರೆ ಆಗ ನಿಮ್ಮ ಕೈಯಲ್ಲಿ ಉಳಿಯುವ ಅಳತೆ ಫಲಿತಾಂಶ ಒಂದೇ. ಅದಕ್ಕೆ ಸಾವಿರಗಟ್ಟಲೆ ಪಂದ್ಯ ಬೇಕು. ರಾಜ್ಯದ ಲೀಗಿನಲ್ಲಿ ಅಷ್ಟು ಪಂದ್ಯ ನಡೆಯುವುದೇ ಇಲ್ಲ.

ಸೆಕ್ಟರ್_ನವನಗರ (ಬಾಗಲಕೋಟೆ)

ಒಂದು ಉಪಾಯ ಹೊಳೆಯಿತು. ಕೊನೆಯ ದರ ಅಷ್ಟು ಚೆನ್ನಾಗಿದ್ದರೆ ಅದನ್ನೇ ಮಾಡೆಲ್‌ಗೆ ತಿನ್ನಿಸಿದರಾಯಿತಲ್ಲ. `PSCH` ಅನ್ನು ಒಂದು ಕಾಲಂ ಮಾಡಿ ಕೊಟ್ಟರೆ ಮಾಡೆಲ್ ತಾನೇ ಸರಿಯಾಗುತ್ತದೆ.

ಅಥಣಿ_ಎಕ್ಸೆಲ್

ಶುಕ್ರವಾರ ಆಯ್ಕೆ ಮಾಡುವಾಗ `PSCH` ಇನ್ನೂ ಹುಟ್ಟಿಯೇ ಇರುವುದಿಲ್ಲ. ಹಳೆ ಫೈಲಿನಲ್ಲಿ ಮಾತ್ರ ಅದು ಪಕ್ಕದ ಕಾಲಂನಲ್ಲಿ ಕೂತಿರುತ್ತದೆ. ಅದನ್ನು ಕೊಟ್ಟರೆ ಹಳೆ ಸೀಸನ್‌ನಲ್ಲಿ ಸಿಎಲ್‌ವಿ ಅದ್ಭುತವಾಗಿ ಕಾಣುತ್ತದೆ, ಮುಂದಿನ ವಾರ ಮಾಡೆಲ್ ಓಡುವುದೇ ಇಲ್ಲ. ಕೊಡಬೇಕೆಂದರೆ ಪಿನಾಕಲ್‌ನ ಮುಂಚಿನ ದರ ಇರುವ `PSH` ಕೊಡಿ. ಆ ಸೈಟಿನವರು ವಾರಾಂತ್ಯದ ಪಂದ್ಯಗಳಿಗೆ ಶುಕ್ರವಾರ ಮಧ್ಯಾಹ್ನ, ವಾರದ ನಡುವಿನ ಪಂದ್ಯಗಳಿಗೆ ಮಂಗಳವಾರ ಮಧ್ಯಾಹ್ನ ದರ ತೆಗೆದುಕೊಳ್ಳುತ್ತಾರೆ. ಅದು ನಿಮ್ಮ ಕೈಯಲ್ಲಿದ್ದ ಮಾಹಿತಿಯೇ.

ತಿಲಕವಾಡಿ_ಮಾಸ್ತರ (ಬೆಳಗಾವಿ)

ಸರಿಯಾದ ಮಾತು. ಆ `PSH` ಇಟ್ಟುಕೊಂಡು ಒಂದು ಪರೀಕ್ಷೆ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಪ್ರತಿ ಪಂದ್ಯಕ್ಕೂ ಮೂರು ಸಂಭವ ಬರೆಯಿರಿ. ಮಾಡೆಲ್ ಹೇಳಿದ್ದು, ಶುಕ್ರವಾರದ ಪಿನಾಕಲ್ ಹೇಳಿದ್ದು, ಕೊನೆಯ ಪಿನಾಕಲ್ ಹೇಳಿದ್ದು. ಪಿನಾಕಲ್‌ನ ಎರಡರಲ್ಲೂ ಮಾರ್ಜಿನ್ ತೆಗೆದಿರಬೇಕು. ಈಗ ಎರಡು ವ್ಯತ್ಯಾಸ ತೆಗೆಯಿರಿ. ಮಾಡೆಲ್ ಶುಕ್ರವಾರದ ದರದಿಂದ ಎಷ್ಟು ದೂರ ಇದೆ, ಮತ್ತು ಕೊನೆಯ ದರ ಶುಕ್ರವಾರದಿಂದ ಎಷ್ಟು ಸರಿಯಿತು. ಎರಡನೆಯದನ್ನು ಮೊದಲನೆಯದರ ಮೇಲೆ ಇಟ್ಟು `SLOPE` ಹಾಕಿ. ಆಯ್ಕೆ ಮಾಡಿದ ಪಂದ್ಯ ಮಾತ್ರ ಅಲ್ಲ, ಎಲ್ಲ ಪಂದ್ಯಗಳೂ ಬರಬೇಕು.

ಸ್ಲೋಪ್ 0.25 ಬಂತು ಅಂತ ಇಟ್ಟುಕೊಳ್ಳಿ. ಅಂದರೆ ಮಾಡೆಲ್ ಮತ್ತು ಮಾರುಕಟ್ಟೆಯ ಜಗಳದಲ್ಲಿ ಕಾಲು ಭಾಗ ಮಾಡೆಲ್ ಸರಿ. ಮಾಡೆಲ್ ಶೇ. 56 ಅನ್ನುತ್ತದೆ, ಶುಕ್ರವಾರದ ಪಿನಾಕಲ್ ಶೇ. 50 ಅನ್ನುತ್ತದೆ, ಆರು ಅಂಶದ ಜಗಳ. ಕಾಲು ಭಾಗ ಅಂದರೆ ಒಂದೂವರೆ. ನೀವು ಬಳಸಬೇಕಾದ ಸಂಭವ ಶೇ. 51.5. ಎಲ್ಲಾದರೂ 2.02 ಇದ್ದರೆ ಶೇ. 4 ಲಾಭ. ಮಾಡೆಲ್ ಅನ್ನು ಪೂರ್ತಿ ನಂಬಿದ್ದರೆ ಅದೇ 2.02ರಲ್ಲಿ ಶೇ. 13 ಲಾಭ ಇದೆ ಅಂತ ಅನಿಸುತ್ತಿತ್ತು. ಮತ್ತೆ ಅದೇ ನಂಬಿಕೆಯಲ್ಲಿ 1.90 ದರವನ್ನೂ ಹಿಡಿಯುತ್ತಿದ್ದಿರಿ. ಅದು ಖಂಡಿತ ನಷ್ಟ.

ಸ್ಲೋಪ್ ಸೊನ್ನೆಯ ಹತ್ತಿರ ಬಂದರೆ ಮಾಡೆಲ್‌ಗೆ ಗೊತ್ತಿರುವುದೆಲ್ಲ ಶುಕ್ರವಾರದ ದರಕ್ಕೆ ಆಗಲೇ ಗೊತ್ತಿದೆ ಅಂತ ಅರ್ಥ.

ಗುಮ್ಮಟ_ಡೇಟಾ (ವಿಜಯಪುರ)

ಮಾಡಿದೆ ಸರ್. ಎರಡೂ ಸೀಸನ್‌ನ ಎಲ್ಲ ಪಂದ್ಯ, ತವರು ತಂಡದ ಸಂಭವ ಮಾತ್ರ. ಸ್ಲೋಪ್ 0.1ರ ಆಸುಪಾಸು. ಬೇಸರ ಆಯಿತು, ಆದರೆ ಉತ್ತರ ಸ್ಪಷ್ಟ ಇದೆ.

ಅದಾದ ಮೇಲೆ ಇನ್ನೊಂದು ನೋಡಿದೆ. ನನ್ನ 300ರಲ್ಲಿ ಸುಮಾರು 85 ಆಯ್ಕೆಗಳಲ್ಲಿ `Max` ದರ, ಅದೇ ಶುಕ್ರವಾರದ ಪಿನಾಕಲ್‌ನ ಮಾರ್ಜಿನ್ ತೆಗೆದ ದರಕ್ಕಿಂತ ಮೇಲಿತ್ತು. ಅಂದರೆ ಮಾಡೆಲ್ ಇಲ್ಲದೆಯೂ ಅದು ಒಳ್ಳೆ ದರ ಅಂತ ಗೊತ್ತಾಗುತ್ತಿತ್ತು. ಈ 85ರ ಸಿಎಲ್‌ವಿ ಸರಾಸರಿ ಪ್ಲಸ್ 1. ಉಳಿದ 215 ಮಾಡೆಲ್ ಒಂದೇ ಹೇಳಿದ ಆಯ್ಕೆಗಳು, ಅವುಗಳದ್ದು ಮೈನಸ್ 2.5. ಆದರೆ ದುಡ್ಡಿನ ಲೆಕ್ಕದಲ್ಲಿ ಲಾಭ ಬಂದದ್ದು ಬಹುಪಾಲು ಆ 215ರಿಂದಲೇ.

ಅಥಣಿ_ಎಕ್ಸೆಲ್

ಇದು ಈ ಇಡೀ ಚರ್ಚೆಯ ಅತ್ಯಂತ ಉಪಯೋಗದ ಅಂಕಿ ಅಂತ ನನಗೆ ಅನಿಸುತ್ತದೆ. ಸಾಫ್ಟ್ ದರ ಹುಡುಕುವ ಕೆಲಸ ಮಾಡಿದ್ದು ನಿಮ್ಮ ಗೋಲಿನ ಲೆಕ್ಕ ಅಲ್ಲ, ಶುಕ್ರವಾರದ ಪಿನಾಕಲ್ ದರ.

ಸೆಕ್ಟರ್_ನವನಗರ (ಬಾಗಲಕೋಟೆ)

ಆದರೂ 215ರಲ್ಲಿ ಲಾಭ ಬಂದದ್ದು ಸುಳ್ಳಲ್ಲ. ಮಾಸ್ತರರೇ ಮೇಲೆ ಹೇಳಿದ್ದಾರೆ, ಮಾರುಕಟ್ಟೆಗೆ ಗೊತ್ತಾಗದ ವಿಷಯ ಇರಬಹುದು ಅಂತ. ಇಳಕಲ್‌ನವರಿಗೆ ಇರಬಹುದಾದರೆ ಗುಮ್ಮಟದವರಿಗೆ ಯಾಕಿಲ್ಲ? ನಾನಾಗಿದ್ದರೆ ಇನ್ನೊಂದು ಸೀಸನ್ ಎರಡನ್ನೂ ಬೇರೆ ಬೇರೆ ಬರೆದಿಡುತ್ತಿದ್ದೆ.

ತಿಲಕವಾಡಿ_ಮಾಸ್ತರ (ಬೆಳಗಾವಿ)

ಬರೆದಿಡಿ, ಅದರಲ್ಲಿ ನಷ್ಟ ಇಲ್ಲ. ಆದರೆ ಮಾಡೆಲ್‌ನೊಳಗೆ ಏನಿದೆ ನೋಡಿ. ಹಳೆ ಪಂದ್ಯಗಳ ಗೋಲು ಮಾತ್ರ. ಅದು ಎಲ್ಲರಿಗೂ ಸಿಗುವ ಮಾಹಿತಿ. ಪ್ರೀಮಿಯರ್ ಲೀಗಿನಷ್ಟು ಜನ ನೋಡುವ ಕಡೆ ಅದೊಂದನ್ನೇ ಇಟ್ಟುಕೊಂಡು ಕೊನೆಯ ದರವನ್ನು ಮೀರಿಸುವುದು ಹೇಗೆ ಅಂತ ನನಗೆ ಕಾರಣ ಕಾಣುತ್ತಿಲ್ಲ. ಇಳಕಲ್‌ನವರು ಹೇಳಿದ್ದು ಬೇರೆ, ಅಲ್ಲಿ ನೋಡುವವರೇ ಕಮ್ಮಿ.

85ರ ಬಗ್ಗೆಯೂ ಆತುರ ಬೇಡ. ಅಷ್ಟು ಆಯ್ಕೆಗೆ ಅಲುಗಾಟ ಶೇ. 0.5ರಷ್ಟು ಇರುತ್ತದೆ. ಪ್ಲಸ್ 1 ಅಂದರೆ ಅದರ ಎರಡು ಪಟ್ಟು, ಅಂಚಿನ ಮೇಲೆ ನಿಂತಿದೆ. ಅದಕ್ಕಿಂತ ದೊಡ್ಡ ಅನುಮಾನ `Max` ಕಾಲಂ ಮೇಲೆ. ಅದು ಹತ್ತಾರು ಸಂಸ್ಥೆಗಳಲ್ಲಿ ಅತಿ ಮೇಲಿನ ಒಂದು ದರ. ತಪ್ಪಾಗಿ ಟೈಪ್ ಆದ ದರವೂ ಅಲ್ಲೇ ಬಂದು ಕೂರುತ್ತದೆ, ಸುದ್ದಿ ಬಂದ ಮೇಲೂ ಸರಿಸದೆ ಬಿಟ್ಟ ಹಳೆ ದರವೂ ಅಲ್ಲೇ ಕೂರುತ್ತದೆ. ಕಣ್ಣಿಗೆ ಕಾಣುವಷ್ಟು ತಪ್ಪು ದರ ಆಗಿದ್ದರೆ ಸಂಸ್ಥೆಗಳು ಆಮೇಲೆ ಅದನ್ನು ರದ್ದು ಮಾಡುತ್ತವೆ. ಹಳೆ ದರ ನಿಜವಾಗಿದ್ದರೂ ಅಂಥದ್ದನ್ನೇ ಹಿಡಿಯುವವರಿಗೆ ಸಾಫ್ಟ್ ಬುಕ್‌ಗಳು ಬೇಗ ಮಿತಿ ಹಾಕುತ್ತವೆ. ಕಾಗದದ ಮೇಲೆ ಈ ಎರಡೂ ಕಾಣುವುದಿಲ್ಲ.

ಹೀಗೆ ಮಾಡಿ. `Max` ಬಿಟ್ಟು ಒಂದೇ ಸಂಸ್ಥೆಯ ಕಾಲಂ ಹಿಡಿಯಿರಿ, ಬೆಟ್365ರ `B365H` ಇದೆ. ಅದನ್ನು ಶುಕ್ರವಾರದ `PSH` ನ್ಯಾಯದ ದರದ ಪಕ್ಕ ಇಡಿ. ಮೇಲಿರುವ ಪಂದ್ಯಗಳು ಎಷ್ಟು ಸಿಗುತ್ತವೆ, ಅವುಗಳ ಸಿಎಲ್‌ವಿ ಏನು ನೋಡಿ. ಆಯ್ಕೆಗಳು ಬಹಳ ಕಮ್ಮಿಯಾಗುತ್ತವೆ. ಉಳಿದವು ಮಾತ್ರ ನಿಜವಾಗಿ ಯಾರೋ ಒಬ್ಬರು ಕೊಡುತ್ತಿದ್ದ ದರ.

ಒಣದ್ರಾಕ್ಷಿ_ತಿಕೋಟಾ

ನನಗೆ ಫುಟ್‌ಬಾಲ್ ತಿಳಿಯದು. ಆದರೆ ತಾಸಗಾಂವದ ದರ ಬಂದ ಮೇಲೂ ಹಳೆ ದರಕ್ಕೇ ನಿಂತಿರುವ ಖರೀದಿದಾರ ಸಿಕ್ಕರೆ ಬಿಡಬಾರದು ಅಂತ ಹೇಳುತ್ತಿದ್ದೀರಿ ಅಂತ ತಿಳಿದುಕೊಂಡೆ.

ಗುಮ್ಮಟ_ಡೇಟಾ (ವಿಜಯಪುರ)

ಹೌದು ಕಾಕಾ, ಹೆಚ್ಚುಕಮ್ಮಿ ಅದೇ.

ಮಾಸ್ತರ ಸರ್, `B365H` ಹಾಕಿ ನೋಡಿದೆ. ಎರಡು ಸೀಸನ್‌ನಲ್ಲಿ ಸಿಕ್ಕಿದ್ದು ಬೆರಳೆಣಿಕೆಯಷ್ಟು, ಏನೂ ಹೇಳಲು ಬರುವುದಿಲ್ಲ. ಹಿಂದಿನ ಸೀಸನ್‌ಗಳನ್ನೂ, ಜೊತೆಗೆ ಸ್ಪೇನ್, ಇಟಲಿ, ಜರ್ಮನಿಯ ಲೀಗುಗಳನ್ನೂ ಸೇರಿಸುತ್ತೇನೆ. ಆದರೆ ಒಂದು ಅನುಮಾನ. ಶುಕ್ರವಾರದ ಎರಡು ದರಗಳನ್ನು ಒಂದೇ ನಿಮಿಷಕ್ಕೆ ತೆಗೆದಿರುತ್ತಾರಾ? ನಡುವೆ ಸ್ವಲ್ಪ ಹೊತ್ತು ಕಳೆದಿದ್ದರೆ ಪಿನಾಕಲ್ ಸರಿದಿರಬಹುದು, ಇನ್ನೊಂದು ಆಮೇಲೆ ಸರಿದಿರಬಹುದು. ಫೈಲಿನಲ್ಲಿ ದರ ತೆಗೆದ ಸಮಯದ ಕಾಲಂ ಇಲ್ಲ.

ಅಥಣಿ_ಎಕ್ಸೆಲ್

ಇಲ್ಲ, `Time` ಅಂತ ಇರುವುದು ಪಂದ್ಯ ಶುರುವಾಗುವ ಸಮಯ. ಎರಡೂ ದರವನ್ನು ಒಂದೇ ಹೊತ್ತಿಗೆ ಬರೆದುಕೊಂಡ ಹಾಳೆ ಯಾರ ಬಳಿಯಾದರೂ ಇದ್ದರೆ, ಒಂದೇ ತಿಂಗಳಿನದ್ದಾದರೂ ಸರಿ, ಇಲ್ಲಿ ಹಾಕಿ. ನಾನು ಗುಮ್ಮಟದವರ ಪಟ್ಟಿಯ ಜೊತೆ ಕೂಡಿಸಿ ನೋಡುತ್ತೇನೆ.

ಸೆಕ್ಟರ್_ನವನಗರ (ಬಾಗಲಕೋಟೆ)

ನಾನು ಈ ಶನಿವಾರದಿಂದ ಬರೆದುಕೊಳ್ಳಲು ಶುರು ಮಾಡುತ್ತೇನೆ. ಆ 215ರ ತರಹದ ಆಯ್ಕೆಗಳನ್ನೂ ಬಿಡುವುದಿಲ್ಲ.